ಎರಡನೇ ಕ್ಲಾಸಿನ ಒಂದು ವರ್ಕ್‌ಶೀಟ್, ನಾಲ್ಕು ಸಲ ಪ್ರಿಂಟು

ನನ್ನದು ಕೊಪ್ಪಳದಲ್ಲಿ ಡಿಟಿಪಿ ಕೆಲಸ. ಲಗ್ನಪತ್ರಿಕೆ, ಬ್ಯಾನರ್, ಬಿಲ್ ಬುಕ್ಕು. ಅಕ್ಕ ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಟೀಚರ್, ಎರಡನೇ ಕ್ಲಾಸು ಅವಳದು, 28 ಮಕ್ಕಳು. ಒಂದು ವರ್ಕ್‌ಶೀಟ್ ಮಾಡಿಕೊಡು ಅಂದಳು. ಅರ್ಧ ಗಂಟೆ ಕೆಲಸ ಅಂದುಕೊಂಡೆ. ಹನ್ನೆರಡು ದಿನ ಹಿಡಿಯಿತು. ಎಲ್ಲೆಲ್ಲಿ ಎಡವಿದೆ ಅಂತ ಬರೆದಿಡುತ್ತಿದ್ದೇನೆ, ಮುಂದಿನ ಸಲ ನನಗೇ ಬೇಕಾಗುತ್ತದೆ.

1. ಜುಲೈ 5, ಶನಿವಾರ: ಮೊದಲ ಶೀಟು

ಅಕ್ಕ ಕಳಿಸಿದ ಫೈಲು ಹಳೆಯ ‘ನುಡಿ’ ಸಾಫ್ಟ್‌ವೇರ್‌ನ ಫಾಂಟ್‌ನಲ್ಲಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ತೆಗೆದರೆ ‘ಕನ್ನಡ’ ಅನ್ನುವುದು `PÀ£ÀßqÀ` ಅಂತ ಕಾಣಿಸಿತು. ಇರೋದೇ ಹತ್ತು ಸಾಲು, ಪರಿವರ್ತನೆ ಮಾಡುವ ಗೊಡವೆ ಬೇಡ ಅಂತ ಯೂನಿಕೋಡ್‌ನಲ್ಲಿ ಕೈಯಿಂದಲೇ ಟೈಪ್ ಮಾಡಿದೆ.

ಶೀಟಿನಲ್ಲಿ ಎರಡು ಭಾಗ. ಮೇಲೆ ನಾಲ್ಕು ವಾಕ್ಯ ಓದಿ ಒಂದು ಪ್ರಶ್ನೆಗೆ ಉತ್ತರ. ಕೆಳಗೆ ಹತ್ತು ಚಿತ್ರ, ಪ್ರತಿಯೊಂದರ ಕೆಳಗೆ ಹೆಸರು ಬರೆಯಲು ಚೌಕಗಳು, ಒಂದು ಅಕ್ಷರಕ್ಕೆ ಒಂದು ಚೌಕ. ಎಲ್ಲವನ್ನೂ ಒಂದೇ ಎ4 ಪುಟದಲ್ಲಿ ಕೂರಿಸಿದೆ. ಫಾಂಟ್ `Tunga`, 16 ಪಾಯಿಂಟ್. ಚೌಕ 8 ಮಿ.ಮೀ. ಎರಡೂ ಅಂಚು ಸಮ ಬರಲಿ ಅಂತ `Justify` ಒತ್ತಿದೆ. ಲಗ್ನಪತ್ರಿಕೆ ಮಾಡಿ ಮಾಡಿ ಬಂದ ಚಾಳಿ ಇದು, ಖಾಲಿ ಜಾಗ ಕಂಡರೆ ಕೈ ತಡೆಯುವುದಿಲ್ಲ.

ಲೇಸರ್ ಪ್ರಿಂಟ್ 5 ರೂಪಾಯಿ, 28 ಝರಾಕ್ಸ್‌ಗೆ 56. ಒಟ್ಟು 61.

2. ಜುಲೈ 7, ಸೋಮವಾರ: 28 ಹಾಳೆ ವಾಪಸ್ಸು

ಸಂಜೆ ಅಕ್ಕ ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಹಾಕಿದಳು. "ಏನೋ ತಮ್ಮಾ, ಮಕ್ಕಳಿಗೆ ಲಗ್ನಪತ್ರಿಕಿ ಮಾಡಿ ಕೊಟ್ಟೀಯಲ್ಲೋ" ಅಂದಳು. ಇಬ್ಬರೂ ಕೂತು ಒಂದೊಂದೇ ಹಾಳೆ ನೋಡಿದೆವು.

ಹನ್ನೊಂದು ಹಾಳೆಗಳಲ್ಲಿ ಒಂದೇ ತರಹದ ತಪ್ಪು. ಎಮ್ಮೆ ಚಿತ್ರದ ಕೆಳಗಿನ ಚೌಕದಲ್ಲಿ ‘ಮನೆ’, ಮನೆಯ ಕೆಳಗೆ ‘ಹೂವು’. ಎಲ್ಲ ಹೆಸರೂ ಒಂದೊಂದು ಚಿತ್ರದಷ್ಟು ಮೇಲೆ ಸರಿದಿದ್ದವು, ಕೊನೆಯ ಚೌಕಗಳು ಖಾಲಿ. ಮೊದಲು ಮಕ್ಕಳಿಗೆ ಹೆಸರೇ ಬರುವುದಿಲ್ಲ ಅಂದುಕೊಂಡೆ. ಆದರೆ ಹೆಸರುಗಳೆಲ್ಲ ಸರಿಯಾಗಿದ್ದವು, ಜಾಗ ಮಾತ್ರ ತಪ್ಪಿತ್ತು. ಸ್ಕೇಲ್ ಇಟ್ಟು ನೋಡಿದೆ. ಚಿತ್ರಕ್ಕೂ ಅದರ ಚೌಕಕ್ಕೂ ನಡುವೆ 6 ಮಿ.ಮೀ. ಆ ಚೌಕಕ್ಕೂ ಕೆಳಗಿನ ಚಿತ್ರಕ್ಕೂ 5 ಮಿ.ಮೀ. ಅಂದರೆ ಚೌಕ ತನ್ನ ಚಿತ್ರಕ್ಕಿಂತ ಕೆಳಗಿನ ಚಿತ್ರಕ್ಕೇ ಹತ್ತಿರ ಇತ್ತು. ಹತ್ತಿರ ಇದ್ದದ್ದು ತನ್ನದು ಅಂತ ಮಕ್ಕಳು ತಿಳಿದುಕೊಂಡಿದ್ದಾರೆ. ಅವರದ್ದೇ ಸರಿ.

ಎರಡನೆಯದು ಒತ್ತಕ್ಷರ. ಎಮ್ಮೆಗೆ ಎರಡು ಚೌಕ ಕೊಟ್ಟಿದ್ದೆ. 8 ಮಿ.ಮೀ. ಚೌಕದೊಳಗೆ ‘ಮ್ಮೆ’ ಬರೆಯಲು ಆಗದೆ ಕೆಲವರು ಒತ್ತನ್ನು ಚೌಕದ ಹೊರಗೆ, ಗೆರೆಯ ಕೆಳಗೆ ಇಳಿಸಿದ್ದರು. ಒಬ್ಬಳು ತಾನೇ ಪೆನ್ಸಿಲ್‌ನಿಂದ ಮೂರನೇ ಚೌಕ ಎಳೆದು, ಎ, ಮೆ, ಆಮೇಲೆ ಒತ್ತು ಒಂದನ್ನೇ ಬೇರೆ ಮನೆಯಲ್ಲಿ ಕೂರಿಸಿದ್ದಳು. ಅಳತೆ ಅಚ್ಚುಕಟ್ಟಾಗಿತ್ತು, ನನಗಿಂತ ಚೆನ್ನಾಗಿ ಗೆರೆ ಎಳೆದಿದ್ದಳು.

ಮೂರನೆಯದು ಸೂಚನೆ. ನಾನು ಬರೆದದ್ದು ಹೀಗಿತ್ತು: "ಕೆಳಗೆ ನೀಡಿರುವ ಚಿತ್ರಗಳನ್ನು ಗಮನಿಸಿ ಅವುಗಳ ಹೆಸರುಗಳನ್ನು ನಿಗದಿತ ಚೌಕಗಳಲ್ಲಿ ಬರೆಯಿರಿ." ಒಂಬತ್ತು ಪದ, ನಾಲ್ಕು ಒತ್ತಕ್ಷರ. ಮಕ್ಕಳು ಬರೆಯಬೇಕಾದ ಪದಗಳಿಗಿಂತ ಸೂಚನೆಯೇ ಕಷ್ಟ. ಯಾರೂ ಓದಿಲ್ಲವಂತೆ. ಅಕ್ಕ ಬಾಯಲ್ಲಿ ಹೇಳಿದ ಮೇಲೇ ಪೆನ್ಸಿಲ್ ಎತ್ತಿದ್ದು. ಜೊತೆಗೆ ನನ್ನ `Justify` ಬೇರೆ. ಅಗಲ ಕಮ್ಮಿ ಇರುವ ಕಡೆ ಮೂರು ಪದದ ನಡುವೆ ಹೆಬ್ಬೆರಳು ಹೋಗುವಷ್ಟು ಸಂದಿ ಬಿದ್ದಿತ್ತು.

3. ಜುಲೈ 8, 9: ಅಳತೆ

ಅಕ್ಷರ ದೊಡ್ಡದು ಮಾಡು ಅಂದಳು ಅಕ್ಕ. ಎಷ್ಟು? 16ರಿಂದ 18 ಮಾಡಿದೆ, ಏನೂ ಬದಲಾದಂತೆ ಕಾಣಲಿಲ್ಲ. ಅನುಮಾನ ಬಂತು. ಒಂದೇ ‘ಗ’ ಅಕ್ಷರವನ್ನು ಎರಡು ಫಾಂಟ್‌ನಲ್ಲಿ, ಎರಡನ್ನೂ 18 ಪಾಯಿಂಟ್ ಇಟ್ಟು, ಪಕ್ಕಪಕ್ಕ ಪ್ರಿಂಟ್ ತೆಗೆದೆ. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಮೊಬೈಲ್‌ನಲ್ಲಿ ಫೋಟೋ ಹೊಡೆದು, ಹಿಗ್ಗಿಸಿ ಎಣಿಸಿದೆ. ಬರೀ ಕಣ್ಣಿಗೆ ಅರ್ಧ ಮಿ.ಮೀ. ಸಿಗುವುದಿಲ್ಲ, ಫೋಟೋದಲ್ಲಿ ಸಿಗುತ್ತದೆ.

`Tunga`ದಲ್ಲಿ ತಲೆಕಟ್ಟು ಸೇರಿ ಸುಮಾರು 3 ಮಿ.ಮೀ. `Noto Sans Kannada`ದಲ್ಲಿ ಹತ್ತಿರ ಹತ್ತಿರ 4. ಎರಡೂ 18 ಪಾಯಿಂಟೇ! ಪಾಯಿಂಟ್ ಅನ್ನುವುದು ಅಕ್ಷರದ ಎತ್ತರವಲ್ಲ, ಅಕ್ಷರ ಕೂರುವ ಕೋಣೆಯ ಎತ್ತರ. ಕೋಣೆಯೊಳಗೆ ಎಷ್ಟು ಜಾಗ ಅಕ್ಷರಕ್ಕೆ, ಎಷ್ಟು ಒತ್ತಿಗೆ ಅನ್ನುವುದು ಫಾಂಟ್ ಮಾಡಿದವರ ಇಷ್ಟ. ಅದಕ್ಕೆ ಇಂಗ್ಲಿಷ್ ಶೀಟುಗಳ ಪಾಯಿಂಟ್ ಲೆಕ್ಕವನ್ನು ಕನ್ನಡಕ್ಕೆ ಹಾಗೇ ತಂದರೆ ಕೆಡುತ್ತದೆ. ಇನ್ನು ಮೇಲೆ ಪಾಯಿಂಟ್ ನೋಡುವುದಿಲ್ಲ, ಕಾಗದದ ಮೇಲಿನ ‘ಗ’ ನೋಡುತ್ತೇನೆ ಅಂತ ತೀರ್ಮಾನ ಮಾಡಿದೆ.

ಹಾಗಾದರೆ ಗ ಎಷ್ಟಿರಬೇಕು? ಅಕ್ಕನ ಹತ್ತಿರ ಮಕ್ಕಳ ಕನ್ನಡ ಪಠ್ಯಪುಸ್ತಕ ಇತ್ತು. ಅದರ ಪಕ್ಕ ನನ್ನ ಪ್ರಿಂಟ್ ಇಟ್ಟು, ಮಕ್ಕಳು ದಿನಾ ಓದುವ ಅಕ್ಷರಕ್ಕಿಂತ ಚಿಕ್ಕದಾಗಬಾರದು ಅಂತ ಇಟ್ಟುಕೊಂಡೆ. `Noto Sans Kannada` 24 ಪಾಯಿಂಟ್ ಒಪ್ಪಿತು. ಗ ಐದು ಮಿ.ಮೀ.ಗಿಂತ ಒಂಚೂರು ಜಾಸ್ತಿ.

ಬರೆಯುವ ಚೌಕಕ್ಕೆ ಬೇರೆ ಅಳತೆ. ಇಲ್ಲಿ ಮಗು ಓದುವುದಲ್ಲ, ಬರೆಯುವುದು. ಐದು ಮಕ್ಕಳ ನೋಟ್‌ಬುಕ್ ತರಿಸಿಕೊಂಡು ಅವರೇ ಬರೆದ ಅಕ್ಷರಗಳಿಗೆ ಸ್ಕೇಲ್ ಇಟ್ಟೆ. ಒತ್ತಿಲ್ಲದ ಅಕ್ಷರ 9ರಿಂದ 11 ಮಿ.ಮೀ. ಒತ್ತು ಸೇರಿದರೆ 15, 16ರವರೆಗೆ ಹೋಗುತ್ತದೆ. ಹಾಗಾಗಿ ಚೌಕ 14 ಅಗಲ, 18 ಎತ್ತರ. ಹೆಸರಿಗಷ್ಟೇ ಚೌಕ, ನಿಜಕ್ಕೂ ನಿಂತ ಆಯತ. ಕನ್ನಡಕ್ಕೆ ಸರಿಯಾದ ಚೌಕ ಹೊಂದುವುದಿಲ್ಲ, ಕೆಳಗೆ ಒತ್ತು ಇಳಿಯಬೇಕಲ್ವಾ.

ಇನ್ನೊಂದು ಪರೀಕ್ಷೆ. ಶಾಲೆಯಲ್ಲಿ ಝರಾಕ್ಸಿನ ಝರಾಕ್ಸಿನ ಝರಾಕ್ಸ್ ಹೊಡೆಸುತ್ತಾರೆ, ಮೂಲ ಹಾಳೆ ಎಲ್ಲೋ ಕಳೆದಿರುತ್ತದೆ. ಒಂದು ಸಾಲು ಹೀಗೆ ಬರೆದೆ: ರ ಠ, ದ ಧ ಥ, ಪ ಷ ಫ. ಇದನ್ನು ದಪ್ಪ ಅಕ್ಷರದಲ್ಲೂ ತೆಳು ಅಕ್ಷರದಲ್ಲೂ ಅದೇ ಹಾಳೆಯಲ್ಲಿ ಇಟ್ಟು, ಮೂರು ತಲೆಮಾರು ಝರಾಕ್ಸ್ ಮಾಡಿಸಿದೆ. ಮೂರನೆಯದರಲ್ಲಿ ದಪ್ಪಕ್ಷರದ ಠ ಒಳಗಿನ ಚುಕ್ಕಿ ಸುತ್ತಿನ ಗೆರೆಗೆ ಅಂಟಿಕೊಂಡು ಮಸಿ ಮುದ್ದೆಯಾಗಿತ್ತು. ಧ ಕೆಳಗಿನ ಸೀಳು ಮುಚ್ಚಿ ದ ಆಗಿತ್ತು. ದೊಡ್ಡವರು ಪದ ನೋಡಿ ಊಹಿಸಿ ಓದುತ್ತಾರೆ. ಈಗಷ್ಟೇ ಧ ಕಲಿಯುತ್ತಿರುವ ಮಗು ಊಹಿಸುವುದು ಎಲ್ಲಿಂದ? ದಪ್ಪಕ್ಷರ ಬಿಟ್ಟೆ. ಸೂಚನೆಗೂ ಬೇಡ, ತಲೆಬರಹಕ್ಕೂ ಬೇಡ.

ಖರ್ಚು: ಪ್ರಿಂಟ್ 5, ಝರಾಕ್ಸ್ 6. ಇದುವರೆಗೆ 72.

4. ಜುಲೈ 11, ಶುಕ್ರವಾರ: ಎರಡನೇ ಶೀಟು, ನಾಲ್ಕೇ ಮಕ್ಕಳು

ಈ ಸಲ ಜಾಣತನ ಬಂತು, ನಾಲ್ಕು ಪ್ರತಿ ಮಾತ್ರ. ನಾನೇ ಶಾಲೆಗೆ ಹೋದೆ. ಅಕ್ಕ ನಾಲ್ಕು ಮಕ್ಕಳನ್ನು ಪಡಸಾಲೆಯಲ್ಲಿ ಕೂರಿಸಿದಳು, ಚೆನ್ನಾಗಿ ಓದುವ ಒಬ್ಬಳು, ಮಧ್ಯದವರು ಇಬ್ಬರು, ಇನ್ನೂ ಅಕ್ಷರ ಕೂಡಿಸಿ ಓದುವ ಒಬ್ಬ. ನಿಯಮ ಒಂದೇ: ಯಾರೂ ಬಾಯಿ ಬಿಡಬಾರದು. ಹಾಳೆ ಕೊಟ್ಟು ಸುಮ್ನೆ ಕೂರಬೇಕು. ಟೀಚರ್‌ಗೆ ಇದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಎರಡು ಸಲ ಅಕ್ಕನ ಕೈ ಹಿಡಿದು ತಡೆದೆ.

ಮೊದಲ ಭಾಗದ ವಾಕ್ಯಗಳು ಇವು, ಒಂದು ಸಾಲಿಗೆ ಒಂದೇ ವಾಕ್ಯ:

ಅಕ್ಕ ಸಂತೆಗೆ ಹೋದಳು.
ಬೆಲ್ಲ ತಂದಳು.
ಅಜ್ಜಿ ಹೋಳಿಗೆ ಮಾಡಿದಳು.
ನಾನು ತಿಂದೆ.

ಅಕ್ಷರ ದೊಡ್ಡದು ಮಾಡಿದ್ದೆ, ಆದರೆ ಒಂದೇ ಪುಟದ ಆಸೆ ಬಿಟ್ಟಿರಲಿಲ್ಲ. ಸಾಲಿನ ಅಂತರವನ್ನು `Exactly` 26 ಪಾಯಿಂಟ್‌ಗೆ ಬಿಗಿದಿದ್ದೆ. ಕೂಡಿಸಿ ಓದುವ ಹುಡುಗ ಎರಡನೇ ಸಾಲಿಗೆ ಬಂದು ನಿಂತ. ಬೆರಳು ಅಲ್ಲೇ. "ಬೆ... ಲ..." ಅಂದ, ಮುಂದೆ ಹೋಗಲಿಲ್ಲ. ಬಗ್ಗಿ ನೋಡಿದೆ. ‘ಬೆಲ್ಲ’ದ ಎರಡನೇ ಅಕ್ಷರದ ಕೆಳಗೆ ಲ ಒತ್ತು. ಅದರ ನೇರ ಕೆಳಗೆ ಮೂರನೇ ಸಾಲಿನ ‘ಅಜ್ಜಿ’ಯ ಗುಡಿಸು. ಎರಡೂ ಒಂದಕ್ಕೊಂದು ಮುಟ್ಟಿ, ಯಾವುದು ಯಾರದ್ದು ಅಂತ ಗೊತ್ತಾಗದ ಒಂದು ಗಂಟು ಆಗಿತ್ತು. ನನಗೆ ಅದು ಗಂಟು ಅಂತಲೇ ಕಂಡಿರಲಿಲ್ಲ, ಯಾಕಂದರೆ ನಾನು ‘ಬೆಲ್ಲ’ ಅಂತ ಇಡೀ ಪದವಾಗಿ ನೋಡುತ್ತೇನೆ. ಅವನು ಒಂದೊಂದೇ ಗೆರೆ ನೋಡುತ್ತಾನೆ.

`Exactly` ಇನ್ನೊಂದು ಕೆಲಸ ಮಾಡುತ್ತದೆ. ಸಾಲಿಗೆ ಜಾಗ ಸಾಲದಿದ್ದರೆ ಅಕ್ಷರದ ಮೇಲ್ಭಾಗವನ್ನು ಕತ್ತರಿಸಿಬಿಡುತ್ತದೆ. ನನ್ನ ಶೀಟಿನಲ್ಲಿ ‘ಮಾಡಿದಳು’ವಿನ ಡಿ ಮೇಲಿನ ಗುಂಡು ಸವೆದಂತೆ ಕಾಣುತ್ತಿತ್ತು. ಪ್ರಿಂಟರ್ ತೊಂದರೆ ಅಂದುಕೊಂಡು ಅರ್ಧ ಗಂಟೆ ಟೋನರ್ ಅಲ್ಲಾಡಿಸಿದ್ದೆ. ಅದನ್ನು `At least` ಮಾಡಿದರೆ ಈ ಕತ್ತರಿ ನಿಲ್ಲುತ್ತದೆ.

ಇನ್ನು ಪ್ರಶ್ನೆ: "ಅಕ್ಕ ಏನು ತಂದಳು?" ಕೆಳಗೆ ಮೂರು ಪದ, ಬೆಲ್ಲ, ಹಾಲು, ಅಕ್ಕಿ. ಸೂಚನೆ: "ಸರಿಯಾದ ಉತ್ತರಕ್ಕೆ ವೃತ್ತ ಹಾಕು." ಚಿಕ್ಕದಾಗಿದೆ, ಚೆನ್ನಾಗಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಒಬ್ಬಳು ಬೆಲ್ಲದ ಮುಂದೆ ರೈಟ್ ಹಾಕಿದಳು. ಒಬ್ಬ ಕೆಳಗೆ ಗೆರೆ ಎಳೆದ. ಇನ್ನೊಬ್ಬ ಸ್ವಲ್ಪ ಹೊತ್ತು ಯೋಚನೆ ಮಾಡಿ, ಬೆಲ್ಲದ ಪಕ್ಕ ‘ವೃತ್ತ’ ಅಂತ ನೋಡಿಕೊಂಡು ಬರೆದ! ಹಾಕು ಅಂದಿದ್ದೆ, ಹಾಕಿದ. "ಅವ್ರಿಗೆ ರೌಂಡ್ ಹಾಕು ಅಂದ್ರ ತಿಳಿತೈತಿ, ವೃತ್ತ ಯಾರಿಗೆ ಗೊತ್ತೈತಿ?" ಅಂದಳು ಅಕ್ಕ. ನಾಲ್ಕನೆಯವಳು ವೃತ್ತ ಎಳೆದಳು, ಆದರೆ ಮೂರು ಪದಗಳ ನಡುವೆ ನಾನು ಒಂದೊಂದೇ ಸ್ಪೇಸ್ ಬಿಟ್ಟಿದ್ದರಿಂದ ಅವಳ ವೃತ್ತದೊಳಗೆ ಬೆಲ್ಲದ ಜೊತೆ ಅರ್ಧ ಹಾಲೂ ಬಂತು.

ಚಿತ್ರದ ಭಾಗದಲ್ಲಿ ಮೊದಲನೆಯದನ್ನು ತುಂಬಿಸಿ, ಅದರ ಮುಂದೆ ‘ಉದಾ:’ ಅಂತ ಹಾಕಿದ್ದೆ. "ಉದಾ ಅಂದ್ರ ಏನ್ರಿ ಅಕ್ಕೋರ?" ಅಂತ ಕೇಳಿದ ಒಬ್ಬ. ಅಕ್ಕ ನನ್ನ ಕಡೆ ನೋಡಿದಳು. ಬಾಯಿ ಬಿಡಬಾರದಲ್ಲ.

ಖರ್ಚು 13. ಒಟ್ಟು 85. ಇಡೀ ಕೆಲಸದಲ್ಲಿ ದುಡ್ಡಿಗೆ ಜಾಸ್ತಿ ಬಾಳಿದ್ದು ಈ 13 ರೂಪಾಯಿ.

5. ಜುಲೈ 14, ಸೋಮವಾರ: ಮೂರನೇ ಶೀಟು, ಝರಾಕ್ಸ್ ಅಂಗಡಿಯ ಉಪಕಾರ

ಒಂದೇ ಪುಟದ ಹಟ ಬಿಟ್ಟೆ. ಎರಡು ಪುಟ ಮಾಡಿದೆ. ಮೊದಲ ಪುಟದಲ್ಲಿ ಓದುವುದು, ಸಾಲಿನ ಅಂತರ `At least` 44 ಪಾಯಿಂಟ್. ಅಂದರೆ ಸಾಲಿನಿಂದ ಸಾಲಿಗೆ ಸುಮಾರು 15.5 ಮಿ.ಮೀ. ಎಡಕ್ಕೆ ಮಾತ್ರ ಸಮ, `Justify` ಇಲ್ಲ. ಉತ್ತರದ ಮೂರು ಪದಗಳ ನಡುವೆ 25 ಮಿ.ಮೀ.

ಎರಡನೇ ಪುಟದಲ್ಲಿ ಹತ್ತು ಚಿತ್ರದ ಬದಲು ಆರು. ಎರಡು ಕಂಬ, ಮೂರು ಸಾಲು. ಚಿತ್ರ 35 ಮಿ.ಮೀ. ಎತ್ತರ. ಚಿತ್ರಕ್ಕೂ ಚೌಕಕ್ಕೂ ನಡುವೆ 4, ಚೌಕಕ್ಕೂ ಮುಂದಿನ ಚಿತ್ರಕ್ಕೂ 22. ಈಗ ಚೌಕ ಯಾರದ್ದು ಅಂತ ಯಾರೂ ಕೇಳಲಾರರು. ನಾಲ್ಕು ಅಕ್ಷರದ ಹೆಸರಿಗೆ 56 ಮಿ.ಮೀ. ಬೇಕು, ಒಂದು ಕಂಬಕ್ಕೆ 85 ಸಿಗುತ್ತದೆ, ಹಾಗಾಗಿ ಅಗಲಕ್ಕೆ ತೊಂದರೆಯಿಲ್ಲ.

ಸೂಚನೆಗಳು: "ಚಿತ್ರ ನೋಡು. ಹೆಸರು ಬರೆ." ಇನ್ನೊಂದು: "ಸರಿ ಪದಕ್ಕೆ ರೌಂಡ್ ಹಾಕು." ಒಂದು ವಾಕ್ಯಕ್ಕೆ ಒಂದು ಕೆಲಸ. ‘ಉದಾ’ ತೆಗೆದೆ. ಮೊದಲ ಚಿತ್ರದ ಚೌಕಗಳನ್ನು ಅಕ್ಕನ ಕೈಬರಹದಲ್ಲೇ ತುಂಬಿಸಿ ಸ್ಕ್ಯಾನ್ ಮಾಡಿ ಕೂರಿಸಿದೆ. ರೌಂಡಿಗೂ ಒಂದು ಮಾದರಿ ಪ್ರಶ್ನೆ, ಉತ್ತರದ ಸುತ್ತ ಪೆನ್ಸಿಲ್‌ನಲ್ಲಿ ಎಳೆದ ಗೆರೆ. ಶುರುವಿನಲ್ಲಿ ಮಾದರಿ ಅಕ್ಷರವನ್ನು ಬೂದು ಬಣ್ಣದಲ್ಲಿ ಇಟ್ಟಿದ್ದೆ. ಝರಾಕ್ಸ್‌ನಲ್ಲಿ ಬೂದು ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ, ಅದಕ್ಕೆ ಪೂರ್ತಿ ಕಪ್ಪು ಮಾಡಿದೆ.

ಎರಡು ಪುಟವನ್ನೂ ಒಂದು ಅಂಗಡಿಗೆ ಕೊಟ್ಟು "28 ಸೆಟ್" ಅಂದು ಊಟಕ್ಕೆ ಹೋದೆ. ಬಂದು ಕಟ್ಟು ತೆಗೆದುಕೊಂಡು ನೇರ ಬಸ್ಸಿಗೆ ಕೊಟ್ಟು ಕಳಿಸಿದೆ. ತೆರೆದು ನೋಡಲಿಲ್ಲ. ತಪ್ಪು ನನ್ನದೇ.

ಮಧ್ಯಾಹ್ನ ಅಕ್ಕನ ಫೋನು. "ಅಕ್ಷರ ಮತ್ತ ಸಣ್ಣವಾಗ್ಯಾವಲ್ಲೋ." ಅಂಗಡಿಯ ಹುಡುಗ ದುಡ್ಡು ಉಳಿಸಲು ಎರಡೂ ಪುಟವನ್ನು ಒಂದೇ ಎ4 ಮೇಲೆ ಅಡ್ಡಡ್ಡ ಕೂರಿಸಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಎ4 ಪುಟ ಎ5 ಆಗಬೇಕಾದರೆ ಮಷೀನು 71%ಗೆ ಇಳಿಸುತ್ತದೆ. 24 ಪಾಯಿಂಟ್ 17 ಆಯಿತು. ಗ ಐದರಿಂದ ಮೂರೂವರೆಗೆ ಬಂತು. 14 ಮಿ.ಮೀ. ಚೌಕ 10 ಆಯಿತು. ವಾರವಿಡೀ ಅಳೆದದ್ದೆಲ್ಲ ಒಂದು ಬಟನ್ನಿಗೆ ಹೋಯಿತು.

66 ರೂಪಾಯಿ. ಒಟ್ಟು 151.

6. ಜುಲೈ 17, ಗುರುವಾರ: ನಾಲ್ಕನೆಯದು

ಎರಡೂ ಪುಟದ ಕೆಳ ಅಂಚಿನಲ್ಲಿ ಸರಿಯಾಗಿ 10 ಸೆಂ.ಮೀ. ಉದ್ದದ ಒಂದು ತೆಳು ಗೆರೆ ಎಳೆದೆ. ಪಕ್ಕದಲ್ಲಿ ಸಣ್ಣದಾಗಿ: "ಈ ಗೆರೆ 10 ಸೆಂ.ಮೀ. ಇರಬೇಕು." ಇದು ಮಕ್ಕಳಿಗಲ್ಲ, ಝರಾಕ್ಸ್ ತೆಗೆಯುವವರಿಗೆ. ಮೊದಲ ಪ್ರತಿ ಬಂದ ಕೂಡಲೇ ಸ್ಕೇಲ್ ಇಟ್ಟರೆ ಸಾಕು. 7.1 ಬಂದರೆ ಎರಡು ಪುಟ ಒಂದರಲ್ಲಿ ಸೇರಿಸಿದ್ದಾರೆ. 9.6, 9.7 ಬಂದರೆ ಕಂಪ್ಯೂಟರ್‌ನ ಪ್ರಿಂಟ್ ಸೆಟ್ಟಿಂಗ್‌ನಲ್ಲಿ ಪುಟ ಕುಗ್ಗಿಸುವ `Fit` ಇದೆ, ಅದನ್ನು `Actual size` ಮಾಡಬೇಕು. ನನ್ನದೇ ಪ್ರಿಂಟ್‌ನಲ್ಲಿ ಮೊದಲು 9.7 ಬಂತು! ಅಂದರೆ ಹಿಂದಿನ ಮೂರೂ ಶೀಟು ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ.

ಈ ಸಲ ಒಂದೇ ಹಾಳೆಯ ಎರಡೂ ಬದಿ, ಹಾಳೆಗೆ 3 ರೂಪಾಯಿ. ಮೊದಲ ಪ್ರತಿ ಬೆಳಕಿಗೆ ಹಿಡಿದೆ. 75 ಜಿಎಸ್‌ಎಂನ ತೆಳು ಕಾಗದ. ಹಿಂದಿನ ಎಮ್ಮೆ ಮುಂದಿನ ‘ಅಜ್ಜಿ ಹೋಳಿಗೆ’ ಸಾಲಿನ ಹಿಂದೆ ಕಪ್ಪಗೆ ಮಲಗಿತ್ತು. ಪೂರ್ತಿ ಕಪ್ಪು ತುಂಬಿದ ಎಮ್ಮೆ ಅದು. ಅಲ್ಲೇ ಅಂಗಡಿಯಲ್ಲಿ ಕೂತು ಅದನ್ನು ಬರೀ ಗೆರೆಯ ಎಮ್ಮೆ ಮಾಡಿದೆ. ನೋಡಲು ಸ್ವಲ್ಪ ಕೋಣದ ಹಾಗಾಯಿತು, ಆದರೆ ಹಿಂದೆ ಮೂಡುವುದು ನಿಂತಿತು.

94 ರೂಪಾಯಿ. ಎಲ್ಲ ಸೇರಿ 245.

ಅವತ್ತು ಕ್ಲಾಸಿನಲ್ಲಿ 26 ಮಕ್ಕಳು. ಅಕ್ಕ ಹಾಳೆ ಹಂಚಿ ಐದು ನಿಮಿಷ ಮಾತಾಡಲಿಲ್ಲವಂತೆ. 22 ಮಕ್ಕಳು ಕೇಳದೆಯೇ ಎರಡೂ ಭಾಗ ಶುರು ಮಾಡಿದರು. ಒಂದು ಹಾಳೆಯಲ್ಲೂ ಹೆಸರು ಮೇಲಿನ ಚಿತ್ರಕ್ಕೆ ಸರಿದಿಲ್ಲ. ಒತ್ತುಗಳು ಚೌಕದೊಳಗೇ ಇವೆ. ಮೂವರು ಮಾದರಿಯ ಮೇಲೇ ತಿದ್ದಿದ್ದಾರೆ, ತೊಂದರೆಯಿಲ್ಲ. ಒಬ್ಬ ಹಾಳೆ ತಿರುವಿ ಹಾಕಲೇ ಇಲ್ಲ. ಹಿಂದೆ ಇನ್ನೊಂದು ಪುಟ ಇದೆ ಅಂತ ನಾನೆಲ್ಲೂ ಹೇಳಿರಲಿಲ್ಲ. ಮೊದಲ ಪುಟದ ಕೊನೆಗೆ ಒಂದು ಬಾಣ ಮತ್ತು "ಹಾಳೆ ತಿರುಗಿಸು" ಸೇರಿಸಬೇಕು.

ಒಂದು ಮಾತ್ರ ನಾನು ಅಳತೆ ಮಾಡಿ ಹಿಡಿಯಲು ಆಗದ್ದು. ಮಡಕೆಯ ಚಿತ್ರಕ್ಕೆ ಮೂರು ಚೌಕ ಕೊಟ್ಟಿದ್ದೆ. ಒಂಬತ್ತು ಮಕ್ಕಳು ಅದರಲ್ಲಿ ‘ಗಡಿಗಿ’ ಅಂತ ಬರೆದಿದ್ದಾರೆ. ಮೂರು ಅಕ್ಷರ, ಮೂರು ಚೌಕ, ಸರಿಯಾಗಿ ತುಂಬಿದೆ. ಅಕ್ಕ ಒಂಬತ್ತಕ್ಕೂ ರೈಟ್ ಹಾಕಿದ್ದಾಳೆ. ಚಿತ್ರ ಬದಲಿಸೋಣ, ಕೊಡೆ ಹಾಕಲಾ ಅಂತ ಕೇಳಿದೆ. "ಛತ್ರಿ ಅಂತ ಬರೀತಾರ, ಬ್ಯಾಡ" ಅಂದಳು. ಸದ್ಯಕ್ಕೆ ಮೀನು ಹಾಕಿದ್ದೇನೆ. ಎರಡು ಚೌಕ.